ಪಿತೃತ್ವ ಮತ್ತು ದತ್ತು ರಜೆ ನಿಯಮ

ಹುಬ್ಬಳ್ಳಿ ಘಟಕದ ಕಾಯಂ ಮತ್ತು ಗುತ್ತಿಗೆ ನೌಕರರೆಲ್ಲರಿಗೂ ಈ ನಿಯಮ ಅನ್ವಯಿಸುತ್ತದೆ. ಖಾಸಗಿ ವಲಯದಲ್ಲಿ ಪಿತೃತ್ವ ರಜೆಯನ್ನು ಕಡ್ಡಾಯಗೊಳಿಸುವ ಕೇಂದ್ರ ಕಾನೂನು ಇಲ್ಲದಿದ್ದರೂ, ಮಗುವಿನ ಆರೈಕೆ ತಾಯಿಯೊಬ್ಬಳ ಹೊಣೆಯಲ್ಲವೆಂಬುದು ಸಂಸ್ಥೆಯ ದೃಢ ನಿಲುವು.

ಮಗು ಹುಟ್ಟಿದಾಗ ತಂದೆಗೆ 6 ವಾರಗಳ ಪೂರ್ಣ ವೇತನದ ರಜೆಯಿದ್ದು, ಅದನ್ನು 6 ತಿಂಗಳೊಳಗೆ ಎರಡು ಕಂತುಗಳಲ್ಲಿ ಪಡೆಯಬಹುದು. ದತ್ತು ಪಡೆದವರಲ್ಲಿ ಮಗುವಿನ ಮುಖ್ಯ ಆರೈಕೆ ವಹಿಸುವವರಿಗೆ, ಅವರು ಪುರುಷರಾಗಿರಲಿ, ಮಹಿಳೆಯಾಗಿರಲಿ, ಒಂಟಿ ಪೋಷಕರಾಗಿರಲಿ, ಮಗುವಿನ ವಯಸ್ಸು ಎಷ್ಟೇ ಇರಲಿ, 26 ವಾರಗಳ ರಜೆಯುಂಟು. ಇನ್ನೊಬ್ಬ ಪೋಷಕರಿಗೆ 6 ವಾರ.

ಹೆರಿಗೆಯ ನಿರೀಕ್ಷಿತ ದಿನಕ್ಕೆ 8 ವಾರ ಮೊದಲು ಮಾನವ ಸಂಪನ್ಮೂಲ ವಿಭಾಗಕ್ಕೆ ಲಿಖಿತವಾಗಿ ತಿಳಿಸಬೇಕು. ಅವಧಿಗೆ ಮುನ್ನ ಹೆರಿಗೆಯಾದರೆ ಮೇಲ್ವಿಚಾರಕರಿಗೆ ದೂರವಾಣಿ ಕರೆ ಸಾಕು, ಅರ್ಜಿಯನ್ನು 7 ದಿನಗಳೊಳಗೆ ಕೊಡಬಹುದು. ದತ್ತುವಿನ ಕರೆ ಯಾವಾಗ ಬರುವುದೆಂದು ಕುಟುಂಬಕ್ಕೇ ಗೊತ್ತಿರುವುದಿಲ್ಲವಾದ್ದರಿಂದ, ಮಗುವನ್ನು ಕಾಯ್ದಿರಿಸಿದ ಕೂಡಲೇ ತಿಳಿಸಿದರೆ ಸಾಕು.

ಜನನ ಪ್ರಮಾಣಪತ್ರ ಅಥವಾ ಆಸ್ಪತ್ರೆಯ ಬಿಡುಗಡೆ ಪತ್ರ ಸಲ್ಲಿಸಬೇಕು. ದತ್ತುವಿನಲ್ಲಿ, ಮಗುವನ್ನು ಪಾಲನೆಗೆ ಒಪ್ಪಿಸಿದ ದಾಖಲೆಯ ಆಧಾರದಲ್ಲೇ ರಜೆ ಆರಂಭವಾಗುತ್ತದೆ. ಜಿಲ್ಲಾ ದಂಡಾಧಿಕಾರಿಯ ದತ್ತು ಆದೇಶವನ್ನು ಬಂದ ನಂತರ ಕೊಡಬಹುದು. ವಿವಾಹ ಪ್ರಮಾಣಪತ್ರವನ್ನಾಗಲಿ, ಮಗುವಿನ ಜನ್ಮದಾತರ ವಿವರವನ್ನಾಗಲಿ ಯಾವ ಅಧಿಕಾರಿಯೂ ಕೇಳತಕ್ಕದ್ದಲ್ಲ.