ಬೆಳೆವಾರು ರಿವಿಷನ್ ಚಾರ್ಟ್: ಅಡಿಕೆ, ತೆಂಗು, ಭತ್ತ, ಗೇರು

ಸರ್ ಪಾಠದಲ್ಲಿ ಮಣ್ಣು ಒಂದು ದಿನ, ಕೀಟ ಇನ್ನೊಂದು ದಿನ ಬಂತು. ಪರೀಕ್ಷೆಯಲ್ಲಿ ಕೇಳುವುದು ಬೆಳೆ ಹಿಡಿದು, ಅಲ್ವಾ? ಅದಕ್ಕೆ ಒಂದೊಂದು ಬೆಳೆಯನ್ನೂ ಒಂದೇ ಕಡೆ ತಂದಿದ್ದೇನೆ. ನಮ್ಮ ಕಾಸರಗೋಡಿನಲ್ಲಿ ಮಳೆಗಾಲದಲ್ಲಿ ನೀರು ಜಾಸ್ತಿ, ಬೇಸಿಗೆಯಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಮೊದಲು "ನೀರು" ಓದಿ, ಉಳಿದದ್ದು ಅದರ ಹಿಂದೆಯೇ ಬರುತ್ತದೆ.

ಅಡಿಕೆ
ನೀರು: ಮಳೆಗಾಲದಲ್ಲಿ ಬಸಿಗಾಲುವೆ ಬೇಕೇ ಬೇಕು. ಬೇಸಿಗೆಯಲ್ಲಿ ಹನಿ ನೀರಾವರಿಯಾದರೆ ಮರಕ್ಕೆ ದಿನಕ್ಕೆ 16–20 ಲೀಟರ್.
ಮಣ್ಣು: ಮುರಕಲ್ಲಿನ ಜಂಬಿಟ್ಟಿಗೆ ಮಣ್ಣು ಆಗುತ್ತದೆ, ನೀರು ನಿಲ್ಲಬಾರದು ಅಷ್ಟೆ. ಅಂತರ 2.7 × 2.7 ಮೀ.
ರೋಗ: ಕೊಳೆರೋಗ (ಮಹಾಳಿ). ಐದು ಮಾರ್ಕಿನ ಪ್ರಶ್ನೆ ಇಲ್ಲಿಂದಲೇ ಬರಬಹುದು. ಶೇ. 1ರ ಬೋರ್ಡೊ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ 50–50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು, ಉಲ್ಟಾ ಅಲ್ಲ. ಪ್ಲಾಸ್ಟಿಕ್ ಡ್ರಮ್ಮೇ ಸರಿ. ಹೊಳೆಯುವ ಚೂರಿ ಅದ್ದಿ ನೋಡಿ, ಕೆಂಪಗೆ ತಾಮ್ರ ಹತ್ತಿದರೆ ಇನ್ನೂ ಸುಣ್ಣ ಸೇರಿಸಬೇಕು. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಮುಂದಿನದು 40–45 ದಿನ ಬಿಟ್ಟು.
ಕೀಟ: ಬೇರುಹುಳು, ಸುಳಿ ತಿಗಣೆ.
ಇಳುವರಿ: ಮಂಗಳ ತಳಿಗೆ ಮರಕ್ಕೆ ವರ್ಷಕ್ಕೆ ಸುಮಾರು 3 ಕೆ.ಜಿ. ಚಾಲಿ.

ತೆಂಗು
ನೀರು: ಬೇಸಿಗೆಯಲ್ಲಿ ಬುಡಕ್ಕೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್.
ಮಣ್ಣು: ಕಡಲ ಬದಿಯ ಮರಳಿನಿಂದ ಮುರಕಲ್ಲಿನವರೆಗೂ ಒಗ್ಗುತ್ತದೆ. ಮರಳಿನಲ್ಲಿ ನೀರು, ಗೊಬ್ಬರ ಎರಡೂ ಇಳಿದು ಹೋಗುತ್ತವೆ, ಸೊಪ್ಪು, ಸಿಪ್ಪೆ ಮುಚ್ಚಿ. ಅಂತರ 7.5 ಮೀ.
ಕೀಟ: ಗರಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ "ವಿ" ಆಕಾರದಲ್ಲಿ ಕಾಣಿಸಿದರೆ ಕುರುವಾಯಿ ದುಂಬಿ. ಅದು ಕೊರೆದ ಗಾಯದಲ್ಲಿ ಕೆಂಪು ಮೂತಿ ಹುಳು ಮೊಟ್ಟೆ ಇಡುತ್ತದೆ, ಎರಡನ್ನೂ ಜೊತೆಗೇ ಬರೆಯಿರಿ. ದುಂಬಿ ಹುಟ್ಟುವುದು ಗೊಬ್ಬರದ ಗುಂಡಿಯಲ್ಲಿ.
ಇಳುವರಿ: ವೆಸ್ಟ್ ಕೋಸ್ಟ್ ಟಾಲ್, ಮರಕ್ಕೆ ವರ್ಷಕ್ಕೆ ಸುಮಾರು 80 ಕಾಯಿ.

ಭತ್ತ (ಏಣಿಲು, ಸುಗ್ಗಿ, ಕೊಳಕೆ)
ನೀರು: ಕಂದು ಜಿಗಿಹುಳು ಬಂದರೆ ಗದ್ದೆ ಬಸಿದು ಬಿಡಿ, ಔಷಧ ಆಮೇಲೆ. ಕೊಯ್ಲಿಗೆ ಹತ್ತು ದಿನ ಮುಂಚೆಯೂ ನೀರು ತೆಗೆಯಬೇಕು.
ಮಣ್ಣು: ಹುಳಿ ಮಣ್ಣು. ಸುಣ್ಣ ಹೆಕ್ಟೇರಿಗೆ 600 ಕೆ.ಜಿ., ಎರಡು ಕಂತು.
ಕೀಟ: ಕಾಂಡ ಕೊರಕ. ಎಳೆ ಪೈರಿನಲ್ಲಿ ಸುಳಿ ಒಣಗುತ್ತದೆ, ತೆನೆ ಬಂದ ಮೇಲಾದರೆ ಬಿಳಿ ತೆನೆ.
ಇಳುವರಿ: ತೆನೆಗಳ ಸಂಖ್ಯೆ × ತೆನೆಯ ಕಾಳು × ಕಾಳಿನ ತೂಕ. ಬಿಳಿ ತೆನೆ ಇದರಲ್ಲಿ ಯಾವುದನ್ನು ತಿನ್ನುತ್ತದೆ ಎಂದು ಒಂದು ಸಾಲು ಸೇರಿಸಿದರೆ ಉತ್ತರ ಗಟ್ಟಿ.

ಗೇರು
ಮಣ್ಣು, ನೀರು: ಬರಡು ಗುಡ್ಡದಲ್ಲೂ ಬೆಳೆಯುತ್ತದೆ, ನೀರು ನಿಂತರೆ ಸಾಯುತ್ತದೆ. ಮುಗೀತು.
ಕೀಟ: ಟೀ ಸೊಳ್ಳೆ. ಚಿಗುರು, ಹೂ, ಎಳೆ ಬೀಜದಿಂದ ರಸ ಹೀರುತ್ತದೆ, ಹೂಗೊಂಚಲು ಸುಟ್ಟ ಹಾಗೆ ಕಪ್ಪಾಗುತ್ತದೆ. ಸಿಂಪಡಣೆ ಇದೇ ಮೂರು ಹಂತದಲ್ಲಿ. ಹಳೇ ನೋಟ್ಸ್‌ನಲ್ಲಿ ಇದಕ್ಕೆ ಎಂಡೋಸಲ್ಫಾನ್ ಅಂತ ಇದ್ದರೆ ಸುಮ್ನೆ ಕಾಪಿ ಮಾಡಬೇಡಿ. ನಮ್ಮ ಜಿಲ್ಲೆಯ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಸುರಿದದ್ದು ಅದನ್ನೇ, ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿತು. ಕಾಂಡ ಮತ್ತು ಬೇರು ಕೊರಕವನ್ನೂ ಮರೆಯಬೇಡಿ, ಬುಡದಲ್ಲಿ ಅಂಟು, ಹುಡಿ ಕಂಡರೆ ಅದೇ.
ಇಳುವರಿ: ಕಸಿ ಗಿಡ ಮೂರನೇ ವರ್ಷದಿಂದ ಫಲ ಕೊಡುತ್ತದೆ.