ಸಂಬಂಧಿಕರಿಂದ ಬಂದ ಉಡುಗೊರೆಗೆ ತೆರಿಗೆ ಪ್ರಸ್ತಾವ: ಷೋಕಾಸ್ ನೋಟಿಸಿಗೆ ಉತ್ತರ

ದಿನಾಂಕ: 24-11-2025

ಇವರಿಗೆ,
ಮೌಲ್ಯಮಾಪನ ಅಧಿಕಾರಿಗಳು,
ಮೌಲ್ಯಮಾಪನ ಘಟಕ, ಆದಾಯ ತೆರಿಗೆ ಇಲಾಖೆ
(ಇ-ಪ್ರೊಸೀಡಿಂಗ್ಸ್ ಮೂಲಕ)

ವಿಷಯ: 2024-25ನೇ ಮೌಲ್ಯಮಾಪನ ವರ್ಷ, ದಿನಾಂಕ 14-11-2025ರ ನೋಟಿಸು. ಪ್ಯಾನ್ ಮತ್ತು ಡಿಐಎನ್ ನೋಟಿಸಿನಲ್ಲಿ ಇದ್ದಂತೆ.

ಮಾನ್ಯರೆ,

ನನ್ನ ಉಳಿತಾಯ ಖಾತೆಗೆ ಜಮೆಯಾದ ₹12,40,000ವನ್ನು ಕಲಂ 56(2)(x) ಅಡಿ ಆದಾಯಕ್ಕೆ ಸೇರಿಸುವ ಪ್ರಸ್ತಾವವನ್ನು ನಾನು ಒಪ್ಪುವುದಿಲ್ಲ.

ಇದರಲ್ಲಿ ₹9,00,000 ಕೊಟ್ಟವರು ನನ್ನ ತಾಯಿಯ ಅಣ್ಣ ಶಿವಶರಣಪ್ಪನವರು, ಆಳಂದ ತಾಲೂಕಿನ ರೈತರು. ತಂದೆ ಅಥವಾ ತಾಯಿಯ ಒಡಹುಟ್ಟಿದವರು ಕಲಂ 56(2)(vii)ರ ವಿವರಣೆಯ (e)(i)(D) ಪ್ರಕಾರ ‘ಸಂಬಂಧಿ’. ಅದೇ ಅರ್ಥ 56(2)(x)ಕ್ಕೂ ಅನ್ವಯಿಸುತ್ತದೆ. ನನ್ನ ಅವರ ಅಡ್ಡಹೆಸರು ಬೇರೆ ಇರುವುದರಿಂದ ಸಂಬಂಧ ಕಾಣದೆ ಹೋಗಿರಬಹುದು. ಆದಕಾರಣ ತಾಯಿ ಮತ್ತು ಮಾವ ಇಬ್ಬರ ಹೆಸರೂ ಇರುವ, ನಾಡಕಚೇರಿ ಕೊಟ್ಟ ವಂಶವೃಕ್ಷವನ್ನು ಲಗತ್ತಿಸಿದ್ದೇನೆ (ಅನುಬಂಧ 1).

ಮಾವ 10-06-2023ರಂದು ದಾನಪತ್ರ ಬರೆದರು. ಇಬ್ಬರು ಸಾಕ್ಷಿಗಳ ಸಹಿ, ಸ್ವೀಕರಿಸಿದ ನನ್ನ ಸಹಿ ಅದರಲ್ಲಿವೆ (ಅನುಬಂಧ 2). ಹಣ ಚರ ಆಸ್ತಿ, ಬ್ಯಾಂಕಿನ ಮೂಲಕ ನನ್ನ ಕೈಸೇರಿದೆ. ಆದ್ದರಿಂದ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 123ರಂತೆ ನೋಂದಣಿ ಕಡ್ಡಾಯವಲ್ಲ. 14-06-2023ರಂದು ₹5,00,000, 16-06-2023ರಂದು ₹4,00,000 ಆರ್‌ಟಿಜಿಎಸ್‌ನಿಂದ ಬಂದಿದೆ. ಎರಡನೆಯದು ಮಾವ ಮತ್ತು ಅತ್ತೆಯ ಜಂಟಿ ಖಾತೆಯದು. ಸ್ಟೇಟ್‌ಮೆಂಟಿನಲ್ಲಿ ಅತ್ತೆಯ ಹೆಸರು ಮೊದಲು ಬಂದಿದೆ. ಸಂಬಂಧಿಯ ಪತ್ನಿಯೂ (e)(i)(G) ಅಡಿ ಸಂಬಂಧಿಯೇ. ಯುಟಿಆರ್ ಸಂಖ್ಯೆಗಳನ್ನು ಎರಡೂ ಕಡೆಯ ಸ್ಟೇಟ್‌ಮೆಂಟಿನಲ್ಲಿ ಗುರುತು ಮಾಡಿದ್ದೇನೆ (ಅನುಬಂಧ 3).

ಕೊಟ್ಟವರ ಹಣದ ಮೂಲವೂ ಸ್ಪಷ್ಟ. ಕಲಬುರಗಿ ಎಪಿಎಂಸಿಯಲ್ಲಿ ಮಾರಿದ 95 ಕ್ವಿಂಟಲ್ ತೊಗರಿಯ ₹7,22,000 ಮೊದಲ ಖಾತೆಗೆ, ಅವಧಿ ಮುಗಿದ ಠೇವಣಿಯ ₹4,10,000 ಜಂಟಿ ಖಾತೆಗೆ ಜಮೆಯಾಗಿವೆ. ಅಡತಿಯ ಪಟ್ಟಿ, ಪಹಣಿ, ಠೇವಣಿ ರಸೀದಿ ಲಗತ್ತಿಸಿದೆ (ಅನುಬಂಧ 4). ಹಣ ಕಳಿಸುವ ಮುನ್ನ ಆ ಎರಡೂ ಖಾತೆಗಳಿಗೆ ನಗದು ಜಮೆ ಆಗಿಲ್ಲ. ಕಲಂ 68ರ ಸಂಶಯಕ್ಕೆ ಇಲ್ಲಿ ಆಸ್ಪದವಿಲ್ಲ.

₹3,00,000 ನನ್ನ ಒಡಹುಟ್ಟಿದ ಅಕ್ಕ ಸುಜಾತಾ ಕೊಟ್ಟಿದ್ದು. ಬೀದರಿನಲ್ಲಿ ಸರ್ಕಾರಿ ಶಾಲಾ ಶಿಕ್ಷಕಿ. 18-08-2023ರ ದಾನಪತ್ರ, 21-08-2023ರ ಆರ್‌ಟಿಜಿಎಸ್ ವಿವರ, ಫಾರ್ಮ್ 16, ಇಬ್ಬರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇವೆ (ಅನುಬಂಧ 5).

ಉಳಿದ ₹40,000 ಮಾವನ ಮಗನದು. ಅವನು ಕಾಯ್ದೆಯ ಪ್ರಕಾರ ಸಂಬಂಧಿಯಲ್ಲ, ಹಾಗೆಂದು ನಾನು ವಾದಿಸುವುದೂ ಇಲ್ಲ. ಆದರೆ ಆ ವರ್ಷ ಸಂಬಂಧಿಯಲ್ಲದವರಿಂದ ನನಗೆ ಬಂದದ್ದು ಅಷ್ಟೇ. ₹50,000 ಮೀರದ ಕಾರಣ ಅದಕ್ಕೂ ತೆರಿಗೆ ಬೀಳುವುದಿಲ್ಲ.

ಆದುದರಿಂದ ₹12,40,000 ಸೇರ್ಪಡೆಯನ್ನು ಕೈಬಿಡಬೇಕೆಂದು ಕೋರುತ್ತೇನೆ. ದಾನಿಗಳಿಂದಲೇ ದೃಢೀಕರಣ ಬೇಕಿದ್ದರೆ ಕಲಂ 133(6) ಅಡಿ ಪತ್ರ ಕಳಿಸಬಹುದು. ಇಬ್ಬರ ಪ್ಯಾನ್, ವಿಳಾಸ ದಾನಪತ್ರದಲ್ಲಿವೆ. ವ್ಯತಿರಿಕ್ತ ಆದೇಶ ಮಾಡುವ ಮುನ್ನ ಕಲಂ 144ಬಿ ಅಡಿ ವಿಡಿಯೊ ಮೂಲಕ ಅಹವಾಲು ಹೇಳಲು ಅವಕಾಶ ಕೊಡಬೇಕು.

ತಮ್ಮ ವಿಶ್ವಾಸಿ,
ಮಹಾಂತೇಶ ಬಿರಾದಾರ
ಬ್ರಹ್ಮಪುರ, ಕಲಬುರಗಿ