ವಿಷಯ: ಇನ್‌ವಾಯ್ಸ್ ಸಂಖ್ಯೆ 1183 (06-11-2025) – ಸಾಲು 2, 4 ಮತ್ತು 5ರ ಪ್ರಮಾಣದಲ್ಲಿ ವ್ಯತ್ಯಾಸ, ಕ್ರೆಡಿಟ್ ನೋಟ್ ಕೋರಿ

ದಿನಾಂಕ: 10-11-2025, ಮೈಸೂರು

ಮಾನ್ಯ ವ್ಯವಸ್ಥಾಪಕರಿಗೆ,

ನಮಸ್ಕಾರ.

ನಮ್ಮ 31-10-2025ರ ಪರ್ಚೇಸ್ ಆರ್ಡರ್ ಸಂಖ್ಯೆ 214ರ ಮೇರೆಗೆ ವಿಜಯನಗರ 4ನೇ ಹಂತದ ಸೈಟಿಗೆ ತಾವು ಕಳುಹಿಸಿದ ಕಬ್ಬಿಣ ಮತ್ತು ಇತರ ಸಾಮಗ್ರಿಯ ಇನ್‌ವಾಯ್ಸ್ (ತೆರಿಗೆ ಸೇರಿ ₹3,21,757.68) ನಮಗೆ ತಲುಪಿದೆ. ಅದನ್ನು ಆರ್ಡರ್, ಡೆಲಿವರಿ ಚಲನ್ ಮತ್ತು ಸೈಟಿನ ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡಿದಾಗ ಆರು ಸಾಲುಗಳ ಪೈಕಿ ಮೂರರಲ್ಲಿ ಪ್ರಮಾಣ ಹೊಂದುತ್ತಿಲ್ಲ. ದರಗಳೆಲ್ಲ ಆರ್ಡರಿನಂತೆಯೇ ಇವೆ. ಆ ಬಗ್ಗೆ ನಮ್ಮ ತಕರಾರಿಲ್ಲ.

| ಸಾಲು | ಸಾಮಗ್ರಿ | ಬಿಲ್ಲಿನಲ್ಲಿ | ಸೈಟಿಗೆ ಬಂದದ್ದು | ದರ | ವ್ಯತ್ಯಾಸದ ಮೊತ್ತ |
|---|---|---|---|---|---|
| 2 | 12 ಎಂಎಂ ಟಿಎಂಟಿ ಕಂಬಿ | 40 ಕಟ್ಟು, 2,131 ಕೆಜಿ | 36 ಕಟ್ಟು, 1,918 ಕೆಜಿ | ₹52 | ₹11,076 ಹೆಚ್ಚು |
| 4 | ಬೈಂಡಿಂಗ್ ವೈರ್ (25 ಕೆಜಿ ಕಾಯಿಲ್) | 8 ಕಾಯಿಲ್, 200 ಕೆಜಿ | 6 ಕಾಯಿಲ್, 150 ಕೆಜಿ | ₹72 | ₹3,600 ಹೆಚ್ಚು |
| 5 | ಕವರ್ ಬ್ಲಾಕ್ | 2,000 | 2,500 | ₹3.50 | ₹1,750 ಕಡಿಮೆ |

ಮುಖ್ಯವಾದದ್ದು ಸಾಲು 2. ನಾವು ಕೇಳಿದ್ದು 40 ಕಟ್ಟು, ಅಂದರೆ ಕಟ್ಟಿಗೆ ಐದರಂತೆ 200 ಕಂಬಿ. ಲಾರಿಯಿಂದ ಇಳಿದದ್ದು 36 ಕಟ್ಟು, 180 ಕಂಬಿ. ಇದು ನಮ್ಮ ಎಣಿಕೆ ಮಾತ್ರವಲ್ಲ. ತಮ್ಮದೇ ಡೆಲಿವರಿ ಚಲನ್‌ನ ಎರಡನೇ ಸಾಲಿನಲ್ಲಿ ಅಚ್ಚಾಗಿದ್ದ 40ರ ಮೇಲೆ ನೀಲಿ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ 36 ಎಂದು ಬರೆದು, ತಮ್ಮ ಲಾರಿಯ ಚಾಲಕರೂ ನಮ್ಮ ಸೈಟ್ ಮೇಸ್ತ್ರಿಯೂ ಅದರ ಕೆಳಗೆ ಸಹಿ ಮಾಡಿದ್ದಾರೆ. ಗೋಡೌನಿನಲ್ಲಿ 12 ಎಂಎಂ ಅಷ್ಟೇ ಇತ್ತು, ಉಳಿದ ನಾಲ್ಕು ಕಟ್ಟು ಆಮೇಲೆ ಬರುತ್ತದೆ ಎಂದು ಚಾಲಕರು ಆಗಲೇ ತಿಳಿಸಿದ್ದರು. ಈ ತಿದ್ದುಪಡಿ ಚಲನ್‌ನಲ್ಲಿ ಆಯಿತು, ಅದಕ್ಕೂ ಮೊದಲೇ ತಯಾರಾಗಿದ್ದ ಇನ್‌ವಾಯ್ಸಿಗೆ ಬರಲಿಲ್ಲ ಎಂದು ನಾವು ಭಾವಿಸಿದ್ದೇವೆ.

ತೂಕವೂ ಇದನ್ನೇ ಹೇಳುತ್ತದೆ. ಅಂದು ಲಾರಿಯಲ್ಲಿ ಕಂಬಿಯ ಹೊರತು ಬೇರೇನೂ ಇರಲಿಲ್ಲ. ವೈರ್ ಮತ್ತು ಕವರ್ ಬ್ಲಾಕ್ ಮರುದಿನ ಬೇರೆ ಟೆಂಪೋದಲ್ಲಿ ಬಂದವು. ಹುಣಸೂರು ರಸ್ತೆಯ ವೇಬ್ರಿಡ್ಜ್ ಚೀಟಿಯಲ್ಲಿ ತುಂಬಿದ ಲಾರಿಯ ತೂಕ 8,640 ಕೆಜಿ, ಖಾಲಿ ಲಾರಿಯದು 4,180 ಕೆಜಿ, ನಿವ್ವಳ 4,460 ಕೆಜಿ ಎಂದಿದೆ. ಇನ್‌ವಾಯ್ಸಿನ ಸಾಲು 1, 2 ಮತ್ತು 3 ಸೇರಿದರೆ 4,691 ಕೆಜಿ ಆಗಬೇಕಿತ್ತು. ಸಾಲು 2ರಲ್ಲಿ 36 ಕಟ್ಟು ಎಂದು ಹಿಡಿದರೆ ಮೊತ್ತ 4,478 ಕೆಜಿಗೆ ಇಳಿಯುತ್ತದೆ. ಆಗ ಉಳಿಯುವ ಅಂತರ 18 ಕೆಜಿ ಮಾತ್ರ. ಕಂಬಿಯ ಉತ್ಪಾದನೆಯಲ್ಲಿ ಅಷ್ಟು ಹೆಚ್ಚುಕಡಿಮೆ ಸಹಜವಾದ್ದರಿಂದ ಆ 18 ಕೆಜಿಯನ್ನು ನಾವು ಎತ್ತಿಲ್ಲ, ಎತ್ತುವುದೂ ಇಲ್ಲ.

ಶನಿವಾರ ದೂರವಾಣಿಯಲ್ಲಿ ತಮ್ಮ ಕಚೇರಿಯಿಂದ ಬಂದ ಎರಡು ಉತ್ತರಗಳಿಗೆ ಇಲ್ಲಿಯೇ ವಿವರಣೆ ಕೊಡುವುದು ಒಳ್ಳೆಯದು. ತೂಕದ ವ್ಯತ್ಯಾಸ ಶೇ 5ರ ಒಳಗಿರುವುದರಿಂದ ಐಎಸ್ 1786ರ ಮಿತಿಯಲ್ಲೇ ಇದೆ ಎಂಬುದು ಮೊದಲನೆಯದು. ಆ ಮಾನದಂಡ ಕೊಡುವ ಸಡಿಲಿಕೆ ಕಂಬಿಯ ಪ್ರತಿ ಮೀಟರಿನ ತೂಕಕ್ಕೆ ಸಂಬಂಧಿಸಿದ್ದೇ ಹೊರತು ಕಂಬಿಗಳ ಸಂಖ್ಯೆಗಲ್ಲ. ಬಾರದ 20 ಕಂಬಿಗೆ ಅದು ಅನ್ವಯಿಸುವುದಿಲ್ಲ. ಅಲ್ಲದೆ ಇನ್‌ವಾಯ್ಸಿನ 2,131 ಕೆಜಿ ತೂಗಿ ಬಂದ ಅಂಕಿಯೇ ಅಲ್ಲ, 200 ಕಂಬಿಯನ್ನು 12 ಮೀಟರಿನಿಂದಲೂ ಮೀಟರಿಗೆ 0.888 ಕೆಜಿಯಿಂದಲೂ ಗುಣಿಸಿ ಬಂದದ್ದು. ಇ-ವೇ ಬಿಲ್ಲಿನಲ್ಲೂ ಇದೇ ಪ್ರಮಾಣ ಇದೆಯಲ್ಲ ಎಂಬುದು ಎರಡನೆಯ ಉತ್ತರ. ಇ-ವೇ ಬಿಲ್ ಇನ್‌ವಾಯ್ಸಿನ ಅಂಕಿಗಳನ್ನೇ ಹೊತ್ತು ಬರುವುದರಿಂದ ಇನ್‌ವಾಯ್ಸಿನ ತಪ್ಪು ಅಲ್ಲಿಯೂ ಕಾಣಿಸುವುದು ಸ್ವಾಭಾವಿಕ; ಮಾಲು ಇಳಿದದ್ದಕ್ಕೆ ಅದು ಪುರಾವೆಯಾಗದು.

ಸಾಲು 4ರ ವಿಚಾರ ಚಿಕ್ಕದು. ಆರ್ಡರಿನಲ್ಲಿ ಆರು ಕಾಯಿಲ್, ಚಲನ್‌ನಲ್ಲಿ ಆರು ಕಾಯಿಲ್, ಸೈಟಿನಲ್ಲಿ ಆರು ಕಾಯಿಲ್. ಇನ್‌ವಾಯ್ಸಿನಲ್ಲಿ ಮಾತ್ರ ಎಂಟು.

ಸಾಲು 5ರಲ್ಲಿ ನಷ್ಟ ತಮಗಾಗಿದೆ. ನಾವು 2,500 ಕವರ್ ಬ್ಲಾಕ್ ಕೇಳಿದ್ದೆವು, ನೂರರಂತೆ 25 ಚೀಲ ಬಂದಿವೆ, ಬಿಲ್ ಆಗಿರುವುದು 2,000ಕ್ಕೆ. ನಮಗೆ ಬರಬೇಕಾದ್ದನ್ನು ಕೇಳುವಾಗ ನಾವು ಕೊಡಬೇಕಾದ್ದನ್ನೂ ಹೇಳದಿದ್ದರೆ ಲೆಕ್ಕ ನೇರವಾಗುವುದಿಲ್ಲವಾದ್ದರಿಂದ ಇದನ್ನೂ ಸೇರಿಸಿದ್ದೇವೆ.

ಇನ್‌ವಾಯ್ಸಿನಲ್ಲಿ ಐಆರ್‌ಎನ್ ಇರುವುದರಿಂದಲೂ, ಅದನ್ನು ಪೋರ್ಟಲ್‌ನಲ್ಲಿ ರದ್ದುಪಡಿಸಲು ಇರುವ 24 ಗಂಟೆಗಳ ಅವಧಿ ಮುಗಿದಿರುವುದರಿಂದಲೂ, ಹಳೆಯದನ್ನು ತೆಗೆದು ಅದೇ ಸಂಖ್ಯೆಯಲ್ಲಿ ಹೊಸ ಬಿಲ್ ಕೊಡುವ ದಾರಿ ಈಗ ಇಲ್ಲ. ಆದ್ದರಿಂದ ಸಿಜಿಎಸ್‌ಟಿ ಕಾಯಿದೆಯ 34ನೇ ಕಲಮಿನಂತೆ, ಸಾಲು 2 ಮತ್ತು 4ಕ್ಕೆ ಸೇರಿ ₹14,676ಕ್ಕೆ ಒಂದು ಕ್ರೆಡಿಟ್ ನೋಟ್ (ಸಿಜಿಎಸ್‌ಟಿ ₹1,320.84, ಎಸ್‌ಜಿಎಸ್‌ಟಿ ₹1,320.84, ಒಟ್ಟು ₹17,317.68), ಸಾಲು 5ಕ್ಕೆ ₹1,750ಕ್ಕೆ ಒಂದು ಡೆಬಿಟ್ ನೋಟ್ (ಶೇ 18 ತೆರಿಗೆ ಸೇರಿ ₹2,065) ಕೊಡಬೇಕೆಂದು ಕೋರುತ್ತೇವೆ. ಎರಡರಲ್ಲೂ ಮೂಲ ಇನ್‌ವಾಯ್ಸಿನ ಸಂಖ್ಯೆ ಮತ್ತು ದಿನಾಂಕ ನಮೂದಾಗಿರಲಿ. ಎರಡನ್ನೂ ಹೊಂದಿಸಿದರೆ ನಾವು ಕೊಡಬೇಕಾದ ಮೊತ್ತ ₹3,06,505.00 ಆಗುತ್ತದೆ. ಇವು ನವೆಂಬರ್ ತಿಂಗಳ ಜಿಎಸ್‌ಟಿಆರ್-1ರಲ್ಲೇ ಸೇರಿದರೆ ನಮ್ಮ 2ಬಿಯಲ್ಲೂ ಇನ್‌ವಾಯ್ಸಿನ ಜೊತೆಯಲ್ಲೇ ಕಾಣಿಸುತ್ತವೆ. ಮುಂದಿನ ತಿಂಗಳಿಗೆ ಹೋದರೆ ಇಬ್ಬರಿಗೂ ಮತ್ತೊಮ್ಮೆ ತಾಳೆ ನೋಡುವ ಕೆಲಸ.

ವ್ಯತ್ಯಾಸವಿಲ್ಲದ ಸಾಲು 1, 3 ಮತ್ತು ಬಾಡಿಗೆಯ ಸಾಲು 6ರ ಹಣವನ್ನು ಇದಕ್ಕಾಗಿ ತಡೆಹಿಡಿಯುವ ಉದ್ದೇಶ ನಮಗಿಲ್ಲ. ತೆರಿಗೆ ಸೇರಿ ಆ ₹1,65,747.52 ಅನ್ನು 14-11-2025ರಂದು ತಮ್ಮ ಖಾತೆಗೆ ಜಮಾ ಮಾಡುತ್ತೇವೆ. ಉಳಿದ ₹1,40,757.48 ಅನ್ನು ಕ್ರೆಡಿಟ್ ಮತ್ತು ಡೆಬಿಟ್ ನೋಟ್ ಕೈಸೇರಿದ ಮೇಲೆ, ಒಪ್ಪಂದದ 30 ದಿನಗಳ ಗಡುವಾದ 06-12-2025ರ ಒಳಗೆ ಪಾವತಿಸುತ್ತೇವೆ.

ಬಾಕಿ ಇರುವ ನಾಲ್ಕು ಕಟ್ಟು 12 ಎಂಎಂ ಕಂಬಿ ನಮಗೆ ಬೇಕೇ ಬೇಕು. 22ನೇ ತಾರೀಖು ಶನಿವಾರ ಮೊದಲನೇ ಮಹಡಿಯ ಛಾವಣಿಗೆ ಕಾಂಕ್ರೀಟ್ ಹಾಕಲು ನಿಗದಿಯಾಗಿದ್ದು, ಅದಕ್ಕೂ ಮೊದಲು ತೊಲೆಗಳ ಕಂಬಿ ಕಟ್ಟುವ ಕೆಲಸ ಮುಗಿಯಬೇಕು. ದಯವಿಟ್ಟು 15ರೊಳಗೆ ಅದೇ ₹52ರ ದರದಲ್ಲಿ, ಹೊಸ ಚಲನ್ ಮತ್ತು ಹೊಸ ಇನ್‌ವಾಯ್ಸಿನೊಂದಿಗೆ ಕಳುಹಿಸಿ. ಈಗ ಕಳುಹಿಸಿ ಹಳೆಯ ಇನ್‌ವಾಯ್ಸಿಗೇ ಸರಿದೂಗಿಸೋಣ ಎಂಬ ಸಲಹೆಯೂ ಶನಿವಾರ ಬಂದಿತ್ತು. ನೋಡಲು ಅದು ಸುಲಭವಾದರೂ 6ನೇ ತಾರೀಖಿನ ಬಿಲ್ಲಿಗೆ 15ನೇ ತಾರೀಖಿನ ಚಲನ್ ಅಂಟಿಸಿದರೆ ಎರಡೂ ಕಡೆಯ ಆಡಿಟರುಗಳು ಅದನ್ನೇ ಕೇಳುತ್ತಾರೆ. ಬೈಂಡಿಂಗ್ ವೈರ್‌ನ ತಪ್ಪು ಹೇಗೂ ಹಾಗೆಯೇ ಉಳಿಯುತ್ತದೆ.

ಸಹಿಯಾದ ಚಲನ್‌ಗಳು, ವೇಬ್ರಿಡ್ಜ್ ಚೀಟಿ, ಪರ್ಚೇಸ್ ಆರ್ಡರ್ ಮತ್ತು ದಾಸ್ತಾನು ಪುಸ್ತಕದ 6 ಹಾಗೂ 7ನೇ ತಾರೀಖಿನ ಪುಟಗಳ ಪ್ರತಿಗಳನ್ನು ಲಗತ್ತಿಸಿದೆ. ನಮ್ಮ ಎಣಿಕೆಯನ್ನು ಖುದ್ದಾಗಿ ನೋಡಬೇಕೆನಿಸಿದರೆ ಬುಧವಾರದವರೆಗೆ 12 ಎಂಎಂ ಕಟ್ಟುಗಳನ್ನು ಬಿಚ್ಚದೆ ಬೇರೆಯಾಗಿಯೇ ಇಡಲು ಮೇಸ್ತ್ರಿಗೆ ಹೇಳಿದ್ದೇವೆ. ಬೆಳಿಗ್ಗೆ 9ರಿಂದ ಸಂಜೆ 5ರ ಒಳಗೆ ಯಾರನ್ನಾದರೂ ಕಳುಹಿಸಬಹುದು. ಗುರುವಾರದಿಂದ ಅವು ಕೆಲಸಕ್ಕೆ ಹೋಗುತ್ತವೆ. ಅಂಕಿಗಳಲ್ಲಿ ಯಾವುದನ್ನಾದರೂ ಒಪ್ಪದಿದ್ದರೆ ಸಾಲಿನ ಸಂಖ್ಯೆ ಸಹಿತ ಇದೇ ಇ-ಮೇಲಿಗೆ ಬುಧವಾರದೊಳಗೆ ಉತ್ತರಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಲೆಕ್ಕಪತ್ರ ವಿಭಾಗದ ಪರವಾಗಿ
ಮೈಸೂರು

ಪ್ರತಿ: ಸೈಟ್ ಎಂಜಿನಿಯರ್, ವಿಜಯನಗರ 4ನೇ ಹಂತ